ಮುನ್ನೂರರ ಮೇಲಿನ ಸೀರೆ

ನನ್ನ ಗಂಡ ಗಂಗಾರಾಮ ಅಥಣಿಯಲ್ಲಿ ಜೀಪಿಗೆ ಮೈಕಿನ ಎರಡು ಭೋಂಗಾ ಕಟ್ಟಿಕೊಂಡು ಊರೂರಿಗೆ ಪ್ರಚಾರ ಮಾಡುತ್ತಿದ್ದ. ಸತ್ತವರ ಸುದ್ದಿ, ನಾಟಕ, ದನಗಳ ಲಸಿಕೆ, ಅಂಗಡಿಯ ಸೇಲು, ಎಲ್ಲದಕ್ಕೂ ಅವನದೇ ದನಿ. ಜೀಪು ಎಷ್ಟು ನಿಧಾನ ಹೋದರೂ ಬಾಗಿಲಲ್ಲಿ ನಿಂತವರ ಕಿವಿಗೆ ಸ್ಪಷ್ಟ ಬೀಳುವುದು ಎಂಟು ಹತ್ತು ಸೆಕೆಂಡಿನ ಮಾತು. ಆಮೇಲೆ ಭೋಂಗಾದ ಬಾಯಿ ಮುಂದಿನ ಓಣಿಗೆ ತಿರುಗಿರುತ್ತದೆ.

ಅದಕ್ಕೇ ಅವನು ಹೊಸ ಪ್ರಚಾರವನ್ನು ಮೊದಲು ನಮ್ಮ ಓಣಿಯಲ್ಲಿ ಕೂಗಿಕೊಂಡು ಹೋಗುವನು. ಏನು ಕೂಗುತ್ತಾನೆಂದು ನನಗೆ ಮುಂಚೆ ಹೇಳುತ್ತಿರಲಿಲ್ಲ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳಬೇಕು. ತಿರುಗಿ ಬಂದು, "ಏನ್ ಬಂತಬೇ ಕಿವಿಗೆ?" ಎನ್ನುವನು.

"ಶೇಕಡಾ ಏನೋ ಅಂದ್ರಿ. ಅಷ್ಟರಾಗ ಹೋದ್ರಿ."

"ಹಂಗಾರ ನೂರಕ್ಕ ಇಪ್ಪತ್ತು ರೂಪಾಯಿ ಕಡಿಮಿ ಅಂತೀನಿ."

"ಅದು ತಿಳೀತೈತಿ."

ಹೀಗೆ ನನ್ನ ಕಿವಿಯ ಮೇಲೆ ಅವನ ಮಾತು ನಿಂತಿತ್ತು. ಅವನ ಮಾತಿನ ಮೇಲೆ ಸುತ್ತಿನ ಹಳ್ಳಿಯವರು ಬಸ್ಸು ಹತ್ತುತ್ತಿದ್ದರು.

ತೊಂಬತ್ತೆರಡರ ಬೇಸಿಗೆ. ಬಟ್ಟೆ ಅಂಗಡಿಯ ಬಾಬಾಸಾಹೇಬರು ಸೇಲು ಇಟ್ಟರು. ನಾನು ಆಗಷ್ಟೇ ರಾತ್ರಿ ಶಾಲೆಯಲ್ಲಿ ಒತ್ತಕ್ಷರ ಕಲಿತು ಮುಗಿಸಿದ್ದೆ. ಅವರು ಕೊಟ್ಟ ಗೀಚಿದ ಚೀಟಿಯನ್ನು ನಾನೇ ಬಿಳಿ ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟೆ. "ಒಂದು ಸೀರೆ ತಗೊಂಡರೆ ಒಂದು ಸೀರೆ ಫುಕಟ. ಬಾಬಾಸಾಹೇಬರ ಬಟ್ಟೆ ಅಂಗಡಿ, ಅಥಣಿ. ರವಿವಾರದ ತನಕ. ಮುನ್ನೂರು ರೂಪಾಯಿ ಮೇಲಿನ ಸೀರೆಗೆ ಮಾತ್ರ."

"ಮುನ್ನೂರು ಅನ್ನೂದು ಮೊದಲ ಬರಬೇಕಲ್ರಿ ಸಾವ್ಕಾರ?" ಎಂದು ಗಂಗಾರಾಮ ಕೇಳಿದ್ದನಂತೆ.

"ಮೊದಲ ಹೇಳಿದ್ರ ಯಾರ್ ಬರ್ತಾರೋ? ಹೇಳಬ್ಯಾಡ ಅಂದೇನೇನು? ಕಡೀಕ ಹೇಳು."

ಮರುದಿನ ಜೀಪು ನಮ್ಮ ಮನೆಯ ಮುಂದೆ ಹೋಯಿತು. ಗಂಗಾರಾಮ ತಿರುಗಿ ಬಂದು ಕೇಳಿದ.

"ಎಲ್ಲಾ ಬಂತ್ರಿ," ಎಂದೆ. "ಮುನ್ನೂರೂ ಬಂತು."

"ಖರೇನ?"

"ಖರೇನ."

ಅವನು ನಂಬಿ ತೆಲಸಂಗದ ಕಡೆ ಹೋದ.

ಶನಿವಾರ ಮಧ್ಯಾಹ್ನ ತೆಲಸಂಗದ ಸತ್ತೆವ್ವ ನಮ್ಮ ಬಾಗಿಲಿಗೆ ಬಂದಳು. ಆಡು ಕಾಯುವ ಮನೆಯವಳು. ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಹಂದರದಲ್ಲಿ ಮದುವೆ ಇಟ್ಟುಕೊಂಡಿದ್ದಳು. ಒಂದು ಸೀರೆಯ ರೊಕ್ಕದಲ್ಲಿ ಎರಡಾಗುತ್ತವೆಂದು ಬಂದು, ಮುನ್ನೂರರ ಒಳಗಿನ ಸೀರೆಗೆ ಫುಕಟ ಇಲ್ಲವೆಂದು ಅಂಗಡಿಯ ಹುಡುಗರ ನಗೆಗೀಡಾಗಿದ್ದಳು. ಕಂಕುಳಲ್ಲಿ ಒಂದೇ ಸೀರೆಯ ಗಂಟಿತ್ತು.

"ಅಣ್ಣಾ, ಸಾವ್ಕಾರಗ ನಾ ಏನೂ ಅನ್ನಾಂಗಿಲ್ಲ. ಅವ ಯಾಪಾರಸ್ಥ. ನೀ ಕೂಗಿದ್ದಿ ಅಂತ ಬಂದ್ನಿ."

"ಮುನ್ನೂರು ಅಂತ ಹೇಳೇನವ್ವ."

"ಯಾರಿಗಿ ಹೇಳ್ದಿ? ಊರ ದಾಟಿ ಬೇಲಿಗೆ?"

ನೀರು ಕೊಟ್ಟೆ. ಕುಡಿಯಲಿಲ್ಲ. "ಈ ಸೀರಿ ಯಾರಿಗಿ ಉಡಸ್ಲಿ, ನೀನಾ ಹೇಳಕ್ಕ," ಎಂದು ನನ್ನ ಕೇಳಿ ಹೋದಳು.

ಅವಳು ಹೋದ ಮೇಲೆ ನಾನು ಪಕ್ಕದ ಮನೆಯ ಹೊಳೆವ್ವನಿಗೆ ಕೇಳಿದೆ, ಅವತ್ತು ಜೀಪು ಹೋದಾಗ ನಿನಗೇನು ಕೇಳಿಸಿತೆಂದು. ಅವಳು ಅಕ್ಕಿ ಆರಿಸುತ್ತಲೇ ಅಂದಳು, "ಒಂದಕ್ಕ ಒಂದು ಫುಕಟ. ಬಾಬಾಸಾಹೇಬರ ಅಂಗಡಿ. ಮುಂದ ಕೇಳಲಿಲ್ಲ."

ನಾನು ಒಲೆಯ ಮುಂದೆ ಬಂದು ಕುಳಿತೆ. ಆ ದಿನ ಮುನ್ನೂರು ಎಂಬುದು ನನ್ನ ಕಿವಿಗೆ ಬಂದಿರಲಿಲ್ಲ. ನಾನೇ ಬರೆದಿದ್ದೆನಲ್ಲ, ಬರೆದ ಕೈಗೆ ಗೊತ್ತಿತ್ತು. ಜೀಪು ತಿರುಗಿದ ಮೇಲೂ ಉಳಿದದ್ದನ್ನು ನಾನೇ ಮನಸ್ಸಿನಲ್ಲಿ ಓದಿಕೊಂಡಿದ್ದೆ. ಗಂಡನಿಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. "'ಮುನ್ನೂರರ ಮ್ಯಾಲಿನ ಒಂದು ಸೀರಿಗೆ ಒಂದು ಫುಕಟ'. ಹಿಂಗಂದಿದ್ರ ಒಂದ ಉಸಿರಿನ ಮಾತಿತ್ತು," ಎಂದನಷ್ಟೇ. ರವಿವಾರ ದಿನವಿಡೀ ಹಾಗೆಯೇ ಕೂಗಿದ. ಆದರೆ ತೆಲಸಂಗದಲ್ಲಿ ಹುಡುಗರು ಜೀಪಿನ ಹಿಂದೆ ಓಡುತ್ತ, "ಫುಕಟ ಮಾಮಾ," ಎಂದು ಕೂಗಿದರಂತೆ.

ಮಳೆಗಾಲಕ್ಕೆ ಮುಂಚೆ ದನದ ದವಾಖಾನೆಯವರು ಆಡು ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕುವವರಿದ್ದರು. ಪ್ರಚಾರ ಗಂಗಾರಾಮನದೇ. ಈ ಸಲ ಚೀಟಿಯನ್ನು ನಾನು ಮುಟ್ಟಲಿಲ್ಲ. ಅವನು ಹೊಳೆವ್ವನ ಬಾಗಿಲ ಮುಂದೆಯೂ ಕೂಗಿ ಕೇಳಿ, ಮಾತು ಪೂರ್ತಿ ಮುಟ್ಟುತ್ತದೆಂದು ಖಾತ್ರಿ ಮಾಡಿಕೊಂಡು ಹೋದ. "ತೆಲಸಂಗ ಚಾವಡಿ ಮುಂದ, ನಾಳೆ ಮುಂಜಾನೆ, ಆಡು ಕುರಿಗೆ ಲಸಿಕೆ, ಎಲ್ಲಾರಿಗೂ ಫುಕಟ." ಐದಾರು ಸೆಕೆಂಡಿನ ಮಾತು. ಯಾವ ಷರತ್ತೂ ಇರಲಿಲ್ಲ.

ಚಾವಡಿಯ ಮುಂದೆ ಡಾಕ್ಟರರು ಮಧ್ಯಾಹ್ನದ ತನಕ ಕುಳಿತಿದ್ದರಂತೆ. ಬಂದ ಹಿಂಡು ಎರಡೇ.

ಮೊದಲ ಮಳೆಗೆ ಎಳೆಹುಲ್ಲು ಚಿಗುರಿತು. ತೆಲಸಂಗದಲ್ಲಿ ಬೇನೆ ಬಿತ್ತು. ಸತ್ತೆವ್ವನ ಹದಿನಾಲ್ಕು ಆಡುಗಳಲ್ಲಿ ಹನ್ನೊಂದು ಹೋದವೆಂದು ಕೇಳಿ ನಾವಿಬ್ಬರೂ ಹೋದೆವು. ಅವಳು ಮೂರೇ ಆಡು ಉಳಿದ ದಡ್ಡಿಯ ಮುಂದೆ ಕುಳಿತಿದ್ದಳು. ಗಂಗಾರಾಮ ದೂರವೇ ನಿಂತ.

"ಲಸಿಕಿ ಅಂತ ಕೇಳಿರಲಿಲ್ಲೇನವ್ವ?" ಎಂದು ನಾನೇ ಕೇಳಿದೆ.

"ಕೇಳೇನಿ. ಎಲ್ಲಾ ಸ್ಪಷ್ಟ ಕೇಳೇನಿ," ಎಂದಳು. "ಬೇಲಿ ದಾಟಿದ ಮ್ಯಾಲ ಇನ್ನೇನ ಹೇಳತಾನೋ ಅಂತ ಹೋಗಲಿಲ್ಲ."

ಮನೆಗೆ ಬಂದ ಗಂಗಾರಾಮ ಭೋಂಗಾ ಎರಡನ್ನೂ ಬಿಚ್ಚಿ ಅಟ್ಟದ ಮೇಲಿಟ್ಟ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ.