ಸುಣ್ಣದ ಪಾಲು

ಪೈಪು ಕಾರ್ಖಾನೆಯ ಯಜಮಾನರು ತಮ್ಮ ಹಳೆಯ ಬೀರುವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಪ್ಪತ್ತೊಂದರ ವಯಸ್ಸಿನಲ್ಲೂ ಅದರ ಬೀಗದ ಕೈ ಅವರ ಜನಿವಾರದಷ್ಟೇ ನಿಷ್ಠೆಯಿಂದ ಸೊಂಟಕ್ಕೆ ಅಂಟಿಕೊಂಡಿತ್ತು. ಆದರೆ ಮಗಳು ಈಗ ಮಿಶ್ರಣ ವಿಭಾಗದ ಒಡತಿ. ಪ್ಲಾಸ್ಟಿಕ್ಕು ಕಾವಿಗೆ ಕೆಡದಂತೆ ಹಾಕುವ ಸೀಸದ ಸ್ಟೆಬಿಲೈಜರನ್ನು ಪೂರ್ತಿ ಬಿಟ್ಟು ಕ್ಯಾಲ್ಸಿಯಂ-ಜಿಂಕ್‌ಗೆ ಬದಲಾಯಿಸುತ್ತೇವೆ, ಹಳೆಯ ಡಬ್ಬಗಳೆಲ್ಲ ಲೆಕ್ಕಕ್ಕೆ ಸಿಗಬೇಕು, ಬೀರು ತೆಗೆಯಿರಿ ಎಂದು ಕೂತಳು. ಅಪ್ಪನಿಗೆ ಎದುರಾಡುವವರು ಲೋಕದಲ್ಲಿ ಇಬ್ಬರೇ. ಒಬ್ಬಳು ಇವಳು, ಇನ್ನೊಬ್ಬಳು ಇವಳ ತಾಯಿ.

ಬೀರು ತೆಗೆದಾಗ ಹಳೆಯ ವಾಸನೆ ಬಂತು. ಬಿಸಿ ಪಿ.ವಿ.ಸಿ.ಯ ವಾಸನೆಗೆ ಒಗ್ಗಿದವರಿಗೆ ಅದು ತವರಿನ ವಾಸನೆ. ಯಜಮಾನರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಒಂದು ತಗಡಿನ ಶೆಡ್ಡು, ಯಾರೋ ಬೇಡವೆಂದು ಮಾರಿದ ಒಂದು ಮಿಕ್ಸರು, ಕೆಮ್ಮುತ್ತಾ ಪೈಪು ಉಗುಳುವ ಒಂದು ಯಂತ್ರ, ಮತ್ತು ಇಬ್ಬರು: ತಾನು, ತನ್ನ ಹೆಂಡತಿಯ ತಮ್ಮ. ಮಾರುವುದು ಇವರ ಕೆಲಸ, ಕಲಸುವುದು ಅವನ ಕೆಲಸ.

ಆಹಾ, ಅವನು ಕಲಸುತ್ತಿದ್ದ ಚೆಂದ! ಹಿಟ್ಟಿನಂಥ ಬಿಳಿ ರೆಸಿನ್, ಅಂದರೆ ಪಿ.ವಿ.ಸಿ. ಪುಡಿ, ಮಿಕ್ಸರಿನಲ್ಲಿ ತಿರುಗಿ ಬಿಸಿಯಾಗುತ್ತಿದ್ದಂತೆ ಮೊದಲು ಸ್ಟೆಬಿಲೈಜರ್ ಹಾಕುತ್ತಿದ್ದ. "ಇದಿಲ್ಲದೆ ಕಾವಿಗೆ ಹಿಡಿದ್ರೆ ಪಿ.ವಿ.ಸಿ. ತನ್ನನ್ನ ತಾನೇ ಸುಟ್ಕೊಳ್ಳುತ್ತೆ ಭಾವ, ಮೊದಲು ಹಳದಿ, ಆಮೇಲೆ ಕಂದು, ಜೊತೆಗೆ ಮೂಗು ಕಿತ್ತುಹೋಗೋ ಆಮ್ಲದ ಹೊಗೆ," ಎನ್ನುತ್ತಿದ್ದ. ಆಮೇಲೆ ಡಿಓಪಿ, ಅಂದರೆ ಪೈಪನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್. ನೀರಿನಂತೆ ತಿಳಿಯಾದ, ತುಸು ಜಿಡ್ಡಾದ ದ್ರವ. ಅದನ್ನು ಸಣ್ಣ ಧಾರೆಯಾಗಿ ಬಿಡುವಾಗ ಅವನು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದ. ಪುಡಿ ಮೊದಲು ಒದ್ದೆಯಾಗಿ ಮುದ್ದೆ ಕಟ್ಟುತ್ತದೆ. ಗಾಬರಿಯಾಗದೆ ಕಾದರೆ ಅಷ್ಟನ್ನೂ ಕುಡಿದು ಮತ್ತೆ ಒಣ ಪುಡಿಯಾಗಿ ಹರಿದಾಡುತ್ತದೆ. ಕಡೆಗೆ ಸುಣ್ಣ, ಅಂದರೆ ಸುಣ್ಣಕಲ್ಲಿನ ನುಣ್ಣನೆ ಪುಡಿ. ಅದು ಫಿಲ್ಲರು, ಅಗ್ಗದಲ್ಲಿ ಗಾತ್ರ ತುಂಬಿಸುವಂಥದ್ದು. ಅದನ್ನೇ ಮೊದಲು ಹಾಕಿದರೆ ಡಿಓಪಿಯನ್ನು ಅದೇ ಕುಡಿದುಬಿಡುತ್ತದೆ, ರೆಸಿನ್ ಬಾಯಾರಿ ಉಳಿಯುತ್ತದೆ. ನೂರು ಕಿಲೋ ರೆಸಿನ್ನಿಗೆ ಐವತ್ತು ಡಿಓಪಿ, ಇಪ್ಪತ್ತು ಸುಣ್ಣ, ಮೂರು ಸ್ಟೆಬಿಲೈಜರ್. ಹೊರಬಂದ ಪೈಪನ್ನು ಹಾವಾಡಿಗನಂತೆ ಕೊರಳಿಗೆ ಸುತ್ತಿಕೊಂಡು ಕುಣಿದಿದ್ದರು ಇಬ್ಬರೂ, ಮೊದಲ ದಿನ. ಅಷ್ಟು ಮೆದುವಾಗಿತ್ತು.

"ಅಪ್ಪಾ, ಇದೇನು?"

ಮಗಳ ಕೈಯಲ್ಲಿ ಬೀರುವಿನ ಹಿಂದಿನಿಂದ ಎಳೆದು ತೆಗೆದ, ಕೋಲಿನಂತೆ ಸೆಟೆದುಕೊಂಡ ಒಂದು ಪೈಪು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಯಜಮಾನರದೇ ಅಕ್ಷರ: 'ಲಾರಿ ಶೆಡ್ಡಿನಿಂದ ವಾಪಸು'.

ಯಜಮಾನರ ಮುಖ ಗಂಟಾಯಿತು. "ಅದಾ? ಅದು ನಿನ್ನ ಸೋದರಮಾವನ ಘನಕಾರ್ಯ. ಇಲ್ಲಿ ಕೊಡು."

ಕತೆ ಅವಳಿಗೆ ಅರ್ಧ ಗೊತ್ತಿತ್ತು. ಮದುವೆ-ಮುಂಜಿಗಳಲ್ಲಿ ಅಪ್ಪ ಒಂದು ಮೂಲೆಗೆ, ಮಾವ ಇನ್ನೊಂದು ಮೂಲೆಗೆ. ನಡುವೆ ಎರಡು ತಟ್ಟೆ ಹಿಡಿದು ಓಡಾಡುವ ಅಮ್ಮ. ಉಳಿದರ್ಧವನ್ನು ಅಪ್ಪ ಈಗ ಹೇಳಿದರು. ಇಪ್ಪತ್ತೇಳು ವರ್ಷದ ಹಿಂದೆ ಒಂದು ಲಾರಿ ಶೆಡ್ಡಿಗೆ ಹತ್ತು ಹತ್ತು ಅಡಿಯ ಪೈಪು ಮಾರಿದ್ದರು. ನಾಲ್ಕು ತಿಂಗಳಿಗೆ ಅಷ್ಟೂ ವಾಪಸು ಬಂದವು: ಸೆಟೆದು, ಬಿರಿದು, ಮಡಿಸಿದರೆ ಲಟ್ಟನೆ ಮುರಿಯುವಂತೆ. ಶೆಡ್ಡಿನವನು ನಾಲ್ಕು ಜನರೆದುರು ಉಗಿದಿದ್ದ.

"ನಾನೇನು ಸುಮ್ಮನೆ ಆಪಾದನೆ ಹೊರಿಸಿದೆನಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ. ಪ್ರಮಾಣಿಸಿಯೇ ನೋಡಿದೆ. ವಾಪಸು ಬಂದದ್ದರದ್ದೊಂದು ತುಣುಕು, ಹೊಸ ಪೈಪಿನದ್ದೊಂದು ತುಣುಕು, ಎರಡನ್ನೂ ಪರೀಕ್ಷೆಗೆ ಕಳಿಸಿದೆ. ಸುಟ್ಟು ಉಳಿದ ಬೂದಿಯಿಂದ ಲೆಕ್ಕ ತೆಗೆದು ಬರೆದುಕೊಟ್ಟರು. ಹೊಸದರಲ್ಲಿ ಸುಣ್ಣ ನೂರಕ್ಕೆ ಹನ್ನೆರಡು. ಇದರಲ್ಲಿ ಹದಿನೈದು! ದುಬಾರಿ ಡಿಓಪಿ ಕದ್ದು ಮಾರಿ, ಅಗ್ಗದ ಸುಣ್ಣ ತುಂಬಿದ್ದಾನೆ. ಕಾಗದ ಮುಖಕ್ಕೆ ಹಿಡಿದೆ. ಒಂದು ಮಾತು ಆಡಲಿಲ್ಲ ಮಹಾನುಭಾವ. ಏಪ್ರನ್ ಬಿಚ್ಚಿಟ್ಟು ಹೋದ. ತಪ್ಪಿಲ್ಲದವನು ಹಾಗೆ ಹೋಗ್ತಾನಾ?"

ಮಗಳು ಪೈಪನ್ನು ತಿರುಗಿಸಿ ನೋಡುತ್ತಿದ್ದಳು. ಎರಡು ತುದಿಗೂ ಕಾರ್ಖಾನೆಯೇ ಒತ್ತಿ ಕೂರಿಸಿದ ಹಿತ್ತಾಳೆ ಮೂತಿ ಹಾಗೇ ಇತ್ತು. ಅವಳು ಟೇಪು ತಂದು ಅಳೆದಳು. ಮತ್ತೊಮ್ಮೆ ಅಳೆದಳು.

"ಪರೀಕ್ಷೆಗೆ ಕಳಿಸಿದ್ದು ಇದರಿಂದ ಕತ್ತರಿಸಿದ್ದಾ?"

"ಇಲ್ಲ, ಜೊತೆಯಲ್ಲಿದ್ದ ಇನ್ನೊಂದರಿಂದ. ಇದು ಹಾಗೇ ಇಡಿಯಾಗಿದೆ."

"ಹಾಗಾದ್ರೆ ಹತ್ತು ಅಡಿ ಇರಬೇಕಿತ್ತು. ಒಂಬತ್ತೂ ಇಲ್ಲ. ಅಪ್ಪಾ, ಸುಣ್ಣ ಜಾಸ್ತಿ ಹಾಕಿದ್ರೆ ಪೈಪು ಗಿಡ್ಡ ಆಗುತ್ತಾ?"

"ಸುಣ್ಣ ಹಾಕಿದ್ರೆ ಯಾಕೆ ಗಿಡ್ಡ ಆಗುತ್ತೆ? ಒರಟಾಗುತ್ತೆ, ಮಡಿಸಿದ ಜಾಗ ಬೆಳ್ಳಗಾಗುತ್ತೆ, ಬೇಗ ಹರಿಯುತ್ತೆ..." ಎಂದವರು ಅಲ್ಲಿಗೇ ನಿಂತರು. ಮಾರಾಟಗಾರರಾದರೂ ನಲವತ್ತು ವರ್ಷ ಈ ವಾಸನೆಯಲ್ಲೇ ಬದುಕಿದವರು.

"ಒಳಗಿದ್ದದ್ದು ಏನಾದ್ರೂ ಹೊರಗೆ ಹೋದ್ರೆ ಮಾತ್ರ ಗಿಡ್ಡ ಆಗೋದು. ಮೊದಲೇ ಹಾಕದೇ ಇದ್ದದ್ದು ಹೊರಗೆ ಹೋಗೋಕೆ ಆಗಲ್ಲ. ಲಾರಿ ಶೆಡ್ಡಿನವರು ಇದರಲ್ಲಿ ಏನು ಹರಿಸ್ತಿದ್ರು?"

ಯಜಮಾನರು ಟೇಪು ಇಸಿದುಕೊಂಡು ಪೈಪನ್ನು ತಾವೂ ಒಮ್ಮೆ ಅಳೆದರು.

ಮಗಳು ಪೈಪಿನ ಒಂದು ಚೂರನ್ನು ಸಣ್ಣಗೆ ಹೆಚ್ಚಿ, ಜಿಡ್ಡನ್ನು ಕರಗಿಸುವ ಈಥರಿನಲ್ಲಿ ದಿನವಿಡೀ ಕುದಿಸಿ ಉಳಿದಿದ್ದ ಡಿಓಪಿಯನ್ನು ತೊಳೆದು ತೆಗೆದಳು. ನೂರಕ್ಕೆ ಇಪ್ಪತ್ತೊಂಬತ್ತು ಇರಬೇಕಾದ ಕಡೆ ಏಳೂವರೆಯೂ ಸರಿಯಾಗಿ ಸಿಗಲಿಲ್ಲ. ಸಂಜೆ ಅಪ್ಪನ ಮೇಜಿನ ಮೇಲೆ ಹಾಳೆ ಹರಡಿದಳು.

"ನೋಡಿ. ಮಾವ ಕಲಸಿದ್ದು ನೂರು, ಐವತ್ತು, ಇಪ್ಪತ್ತು, ಮೂರು. ಒಟ್ಟು ನೂರ ಎಪ್ಪತ್ಮೂರು. ಅದರಲ್ಲಿ ಇಪ್ಪತ್ತು ಸುಣ್ಣ ಅಂದ್ರೆ ನೂರಕ್ಕೆ ಹನ್ನೆರಡು. ಸರಿನಾ? ಈಗ ಡಿಓಪಿಯಲ್ಲಿ ನಲವತ್ತು ಯಾರೋ ಹೀರಿಕೊಂಡು ಹೋದರು ಅನ್ನಿ. ಉಳಿದದ್ದು ನೂರ ಮೂವತ್ಮೂರು. ಸುಣ್ಣ ಅದೇ ಇಪ್ಪತ್ತು. ಈಗ ನೂರಕ್ಕೆ ಎಷ್ಟಾಯ್ತು?"

ಯಜಮಾನರು ಬಾಯಲ್ಲೇ ಭಾಗಿಸಿದರು. ಹದಿನೈದು.

"ಒಂದು ಚಿಟಿಕೆ ಸುಣ್ಣ ಸೇರಿಸದೆ ಹದಿನೈದು ಆಯ್ತು. ಮನೆಯಿಂದ ನಾಲ್ಕು ಜನ ಊರಿಗೆ ಹೋದ್ರೆ ಉಳಿದವರ ಪಾಲು ದೊಡ್ಡದಾಗುತ್ತಲ್ಲ, ಹಾಗೆ. ರೆಸಿನ್ನಿಗೆ ಹೋಲಿಸಿ ನೋಡಿ, ಐದಕ್ಕೆ ಒಂದು. ಹೊಸದರಲ್ಲೂ ಐದಕ್ಕೆ ಒಂದು, ಇದರಲ್ಲೂ ಐದಕ್ಕೆ ಒಂದು. ಡಿಓಪಿ ರೆಸಿನ್ನಿಗೆ ಕಟ್ಟಿಹಾಕಿದ್ದಲ್ಲ ಅಪ್ಪಾ, ಅದರ ಸಂದಿನಲ್ಲಿ ಕೂತು ಮೆತ್ತಗಿಟ್ಟಿರುತ್ತೆ ಅಷ್ಟೆ. ನೀರು ಅದನ್ನ ಮುಟ್ಟಲ್ಲ. ಡೀಸೆಲ್ ಎಳ್ಕೊಂಡು ಹೋಗುತ್ತೆ."

ಡೀಸೆಲ್. ಯಜಮಾನರಿಗೆ ಆ ಶೆಡ್ಡು ಕಣ್ಣಿಗೆ ಕಟ್ಟಿತು: ನೆಲದ ಮೇಲಿನ ಕಪ್ಪು ಜಿಡ್ಡು, ಪೀಪಾಯಿಗಳ ಸಾಲು. ಇದು ನೀರಿನ ಪೈಪಲ್ಲವೇ, ಡೀಸೆಲ್ಲಿಗೂ ನಡೆಯುತ್ತದಾ ಎಂದು ಶೆಡ್ಡಿನವನು ಕೇಳಿದ್ದ. ಹೊಸ ಅಂಗಿ ತೊಟ್ಟು ಹೋಗಿದ್ದ ತಾವು ಎದೆ ತಟ್ಟಿ, "ಯಾವುದಕ್ಕೆ ಬೇಕಾದ್ರೂ ಹಾಕಿ ಸ್ವಾಮಿ, ನನ್ನ ಭಾವಮೈದ ಕಲಸಿದ ಪೈಪು!" ಎಂದಿದ್ದರು. ಎಂಥ ಹೆಮ್ಮೆಯಿಂದ ಅಂದಿದ್ದರು! ಅವನ ಕೈ ಕೆಟ್ಟಿರಲಿಲ್ಲ. ಇವರ ಬಾಯಿ ಕೆಟ್ಟಿತ್ತು.

ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಹೆಂಡತಿ, "ಯಾಕೆ, ಹುಷಾರಿಲ್ವಾ?" ಎಂದಾಗ ಅವಳ ಮುಖ ನೋಡಲಾಗಲಿಲ್ಲ. ಇಪ್ಪತ್ತೇಳು ವರ್ಷ ತಮ್ಮನ ಮನೆಗೆ ಒಬ್ಬಳೇ ಹೋಗಿ ಒಬ್ಬಳೇ ಬಂದವಳು. ಹೇಳುವುದಾದರೆ ಮೊದಲು ಅವನಿಗೇ ಹೇಳಬೇಕು. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ಬಾಗಿಲು ಹಾಕಿಕೊಂಡರೆ? ಹಾಕಿಕೊಳ್ಳಲಿ, ಉಗಿದರೆ ಉಗಿಯಲಿ, ಎಂದು ಬೆಳಗ್ಗೆ ಮಗಳ ಲೆಕ್ಕದ ಹಾಳೆ ಜೇಬಿಗಿಟ್ಟುಕೊಂಡು ಹೊರಟರು.

ಭಾವಮೈದನದು ಮೊಳೆ, ತಿರುಪು, ಬೀಗ ಮಾರುವ ಪುಟ್ಟ ಅಂಗಡಿ. ತಲೆ ಪೂರ್ತಿ ನರೆತಿತ್ತು. ಗಿರಾಕಿಯೊಬ್ಬನಿಗೆ ಎರಡು ಡಜನ್ ತಿರುಪು ಎಣಿಸಿ, ಅವನ್ನೇ ಮತ್ತೆ ಸುರಿದು ಇನ್ನೊಮ್ಮೆ ಎಣಿಸುತ್ತಿದ್ದ. "ಯಾವಾಗ್ಲೂ ಇದೇ ಕತೆ ಇವರದ್ದು," ಎಂದು ಗಿರಾಕಿ ನಗುತ್ತಾ ಹೋದ.

"ಬನ್ನಿ ಭಾವ," ಎಂದ, ನಿನ್ನೆಯಷ್ಟೇ ನೋಡಿದವನಂತೆ. ಸ್ಟೂಲು ಒರೆಸಿದ. "ಅಕ್ಕ ಚೆನ್ನಾಗಿದ್ದಾಳೆ ತಾನೇ?"

ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ ಯಜಮಾನರಿಗೆ ಈ ಸ್ಟೂಲು ತಡೆಯಲಾಗಲಿಲ್ಲ. ನಿಂತೇ, ಬಡಬಡ ಎಲ್ಲ ಹೇಳಿದರು. ಪೈಪು ಗಿಡ್ಡವಾಗಿದ್ದು, ಡೀಸೆಲ್ಲು, ಹನ್ನೆರಡು, ಹದಿನೈದು, ಐದಕ್ಕೆ ಒಂದು. "ತಪ್ಪು ನಂದು ಕಣಯ್ಯಾ. ನಾನೇ ಆ ಶೆಡ್ಡಿನವನಿಗೆ ಯಾವುದಕ್ಕೆ ಬೇಕಾದ್ರೂ ಹಾಕು ಅಂದಿದ್ದೆ. ನೀನು ಕದೀಲಿಲ್ಲ, ಕಲಸೋದ್ರಲ್ಲೂ ತಪ್ಪಲಿಲ್ಲ. ಆವತ್ತು ಒಂದು ಮಾತು ಆಡಿದ್ರೆ ಆಗ್ತಿತ್ತಲ್ಲೋ! ಯಾಕೆ ಸುಮ್ನೆ ಹೋದೆ?"

ಭಾವಮೈದ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಕದ್ದಿಲ್ಲ ಅಂತ ನನಗೆ ಗೊತ್ತಿತ್ತು ಭಾವ. ಆದ್ರೆ ಕಾಗದದಲ್ಲಿ ಹದಿನೈದು ಅಂತ ಇತ್ತು. ಆ ವಾರ ಮಗುಗೆ ಜ್ವರ, ಮೂರು ರಾತ್ರಿ ನಿದ್ದೆ ಇರಲಿಲ್ಲ. ಸುಣ್ಣದ ಅಳತೆ ಮರೆತು ಇನ್ನೊಂದು ಸಲ ಸುರಿದೆನೋ, ಡಿಓಪಿ ಕಡಿಮೆ ಬಿಟ್ಟೆನೋ ಅಂತ ನನಗೇ ಅನುಮಾನ ಬಂತು. ನಿಮ್ಮ ಮೇಲೆ ಸಿಟ್ಟಿನಿಂದ ಹೋಗ್ಲಿಲ್ಲ. ನನ್ನ ಕೈಯನ್ನೇ ನಂಬೋಕೆ ಆಗ್ಲಿಲ್ಲ. ಆಮೇಲೆ ಎಷ್ಟೋ ಕಾರ್ಖಾನೆಯವರು ಕರೆದ್ರು, ಹೋಗ್ಲಿಲ್ಲ. ಇಲ್ಲಿ ತಿರುಪು ಎಣಿಸೋವಾಗ್ಲೂ ಅದೇ ಭಯ."

ಯಜಮಾನರು ಸ್ಟೂಲಿನ ಮೇಲೆ ಕುಸಿದು, ಮಗುವಿನಂತೆ ಅತ್ತರು. ಕಳ್ಳ ಎಂದು ತಾವು ಕೂಗಿದ ಮಾತಷ್ಟೇ ಅವನನ್ನು ಚುಚ್ಚಿರಬೇಕು ಎಂದುಕೊಂಡಿದ್ದರು. ಅವನ ಕಸುಬನ್ನೇ ತಾವು ಕಿತ್ತುಕೊಂಡದ್ದು ಈಗ ಗೊತ್ತಾಯಿತು.

ಭಾವಮೈದ ಅಳಲಿಲ್ಲ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು, ಭಾವನ ಪಕ್ಕದಲ್ಲಿ ಪೆಟ್ಟಿಗೆಯೊಂದರ ಮೇಲೆ ಕೂತು, ಹಾಳೆಯನ್ನು ಇಬ್ಬರ ಮೊಣಕಾಲಿನ ಮೇಲೂ ಬರುವಂತೆ ಹರಡಿದ.

"ಇನ್ನೊಂದು ಸಲ ಹೇಳಿ ಭಾವ. ಮೊದಲಿಂದ, ನಿಧಾನಕ್ಕೆ," ಎಂದ. "ನನ್ನ ಕೈ ತಪ್ಪಲಿಲ್ಲ ಅನ್ನೋ ಕಡೆಗೆ ಬಂದಾಗ ಇನ್ನೂ ನಿಧಾನಕ್ಕೆ ಹೇಳಿ."