ಪರೀಕ್ಷೆಯ ಮುಂಜಾನೆ ಜಯಾಬಾಯಿ ತಂದದ್ದು

ದೇವದುರ್ಗದಲ್ಲಿ ಅತ್ತೆಯನ್ನು ನೋಡಿಕೊಂಡಿದ್ದ ಸರಸ್ವತಿಬಾಯಿ ಶಿಕ್ಷಕಿಯರ ಪರೀಕ್ಷೆಗೆಂದು ರಾಯಚೂರಿಗೆ ಬಂದು ಇಳಿದದ್ದು ತೀರಿಹೋದ ಗಂಡನ ಅಕ್ಕ ಜಯಾಬಾಯಿಯ ಮನೆಯಲ್ಲಿ. ಬೇರೆ ದಿಕ್ಕಿರಲಿಲ್ಲ. ‘ಗಂಡ ಸತ್ತಾಕಿಗೆ ನೌಕರಿ ಯಾಕ?’ ಎಂದು ಓಣಿ ಕೇಳುವಂತೆ ಅಂದವಳೇ ಈಗ ನಗುತ್ತ ಚೀಲ ಇಸಿದುಕೊಂಡಾಗ ಸರಸ್ವತಿಗೆ ಅನುಮಾನವೇ ಬಂತು.

ಸಂಜೆ ಜಯಾಬಾಯಿಯೇ ಕೇಳಿದಳು.

“ಹಾಲ್ ಟಿಕೆಟ್, ಸಾಲಿ ಪಾಸಾದ ಸನದು, ಬರಿಯೋ ಟಾಕು, ಶಾಯಿ ದೌತಿ ಎಲ್ಲಾ ಒಂದ ಕಡಿ ಇಟ್ಟೀಯೇನ? ಕೊಡಿಲ್ಲೆ, ಟ್ರಂಕಿನಾಗ ಇಡ್ತೀನಿ.”

“ಬ್ಯಾಡ್ರೀ ಅಕ್ಕಾ, ನನ್ನ ಹತ್ರನ ಇರಲಿ.”

ಊಟಕ್ಕೆ ಅನ್ನ, ಸಾರು ಅಷ್ಟೆ. ಸಂಡಿಗೆಯ ತಟ್ಟೆ ಇವಳನ್ನು ದಾಟಿ ಮಕ್ಕಳ ಕಡೆ ಹೋಯಿತು. “ಕರದದ್ದು ಬ್ಯಾಡ, ನಾಳೆ ಹೊಟ್ಟಿ ಕೆಟ್ಟೀತು” ಎಂದಳು ಜಯಾಬಾಯಿ. ಸರಸ್ವತಿ ಪುಸ್ತಕ ತೆರೆದರೆ ದೀಪವನ್ನೇ ಒಯ್ದಳು. “ಓದಿದ್ದು ಸಾಕು. ನಿದ್ದಿಗೆಟ್ಟರ ಬರದದ್ದೂ ತಪ್ಪತದ.”

ಹೊಟ್ಟೆಗೂ ಓದಿಗೂ ಕತ್ತರಿ ಹಾಕುತ್ತಿದ್ದಾಳೆ ಎಂದುಕೊಂಡ ಸರಸ್ವತಿ, ಕಾಗದಗಳನ್ನು ಚೀಲದಿಂದ ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಳು. ಒಳಗೆ ಬಳೆ ಸದ್ದಾದಾಗೆಲ್ಲ ಬೆಚ್ಚಿ ತಡವಿದಳು. ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಮಬ್ಬುಗತ್ತಲೆಯಲ್ಲೇ ಎದ್ದು ಸ್ನಾನ ಮುಗಿಸಿ, ಕೈಗೆ ಸಿಕ್ಕ ಕಾಗದ ಸೆರಗಿಗೆ ಕಟ್ಟಿಕೊಂಡು, ಟಾಕು ದೌತಿ ಹಿಡಿದು, ಹೇಳದೆ ಕೇಳದೆ ಹೊರಟುಬಿಟ್ಟಳು. ಜಯಾಬಾಯಿ ನೆನೆಹಾಕಿದ ಅವಲಕ್ಕಿ ಮುಟ್ಟಲಿಲ್ಲ.

ಶಾಲೆಯ ಬಾಗಿಲಿಗೆ ಎಲ್ಲರಿಗಿಂತ ಮುಂಚೆ ಮುಟ್ಟಿದಳು. ಜವಾನ ಮೆಹಬೂಬ್ ಪಾಷಾ ಕಾಗದ ಕೇಳಿದ. ಗಂಟು ಬಿಚ್ಚಿದರೆ ಹಾಲ್ ಟಿಕೆಟ್ ಇತ್ತು, ಸನದು ಇರಲಿಲ್ಲ.

“ಸನದು ಇಲ್ಲದ ಬಿಡೋ ಹುಕುಂ ಇಲ್ಲ, ಬಾಯಿ. ಗಂಟಿ ಹೊಡಿಲಿಕ್ಕೆ ಇನ್ನೂ ವಕ್ತ್ ಅದ. ಹೋಗಿ ತರ್ರಿ.”

ಜಯಾಬಾಯಿಯೇ ಕದ್ದಳು! ಸಿಟ್ಟಿನಲ್ಲಿ ತಿರುಗಿದಳು, ತಲೆ ಸುತ್ತಿ ಗೋಡೆ ಹಿಡಿದಳು. ಅಷ್ಟರಲ್ಲಿ ಟಾಂಗಾ ನಿಂತಿತು. ಒದ್ದೆ ತಲೆಯ ಜಯಾಬಾಯಿ ಇಳಿದಳು. ಒಂದು ಕೈಯಲ್ಲಿ ಸನದು, ಇನ್ನೊಂದರಲ್ಲಿ ಡಬ್ಬಿ.

“ಹಾಸಿಗಿ ಮಡಿಕಿಯಾಗ ಸಿಕ್ಕಿತ್ತು.”

“ಖರೇ ಹೇಳ್ರಿ. ನೀವ ತಗೊಂಡಿದ್ರಿ.”

ಜಯಾಬಾಯಿ ನೆಲ ನೋಡಿದಳು. “ತಗೊಂಡಿಲ್ಲ. ಆದ್ರ ಸಿಕ್ಕಮ್ಯಾಲೆ ಒಲಿ ಮುಂದ ಹಿಡಕೊಂಡು ನಿಂತಿದ್ದೆ. ನೀ ನೌಕರಿಗೆ ಹೋದರ ದೇವದುರ್ಗದಾಗ ನಮ್ಮವ್ವನ್ನ ನೋಡವರ್ಯಾರು? ಆಮ್ಯಾಲೆ ಅವಲಕ್ಕಿ ಕಣ್ಣಿಗೆ ಬಿತ್ತು. ಉಪವಾಸ ಹೋಗ್ಯಾಳಲ್ಲ ಅಂತ ಕರುಳು ಚುರ್ ಅಂತು.”

ಡಬ್ಬಿಯಲ್ಲಿ ಮೊಸರವಲಕ್ಕಿ. ಸರಸ್ವತಿ ಕೈ ಹಾಕಲಿಲ್ಲ. ಅದು ಯಾಕೆಂದು ಜಯಾಬಾಯಿಗೆ ತಿಳಿಯಿತು. ಅಂಗೈಗೆ ಸ್ವಲ್ಪ ಹಾಕಿಕೊಂಡು ತಾನೇ ಬಾಯಿಗೆ ಎಸೆದುಕೊಂಡಳು. “ಇನ್ನರ ತಿನ್ನು.”

ಸರಸ್ವತಿ ಬೇವಿನ ನೆರಳಲ್ಲಿ ಗಬಗಬ ತಿಂದು, ಗಂಟೆ ಹೊಡೆಯುವ ಮೊದಲೇ ಒಳಹೋದಳು. ಲೆಕ್ಕದ ಪತ್ರಿಕೆಯ ಹೊತ್ತಿಗೆ ತೂಕಡಿಕೆ ಬಂದು ಎರಡು ಸಲ ಶಾಯಿ ಚೆಲ್ಲಿದಳು; ಹೇಗೋ ಪಾಸಾದಳು. ನೌಕರಿ ಸಿಕ್ಕಿದ್ದು ಮಾನ್ವಿಯಲ್ಲಿ.

ಸರಸ್ವತಿ ಅತ್ತೆಯನ್ನೂ ಬಂಡಿಯಲ್ಲಿ ಕೂಡಿಸಿಕೊಂಡು ದೇವದುರ್ಗದಿಂದ ಹೊರಟ ದಿನ ಜಯಾಬಾಯಿ ಕಳಿಸಿಕೊಡಲು ಬಂದಿದ್ದಳು. ಬಂಡಿ ತಿರುವು ದಾಟುವವರೆಗೂ ಊರ ಅಗಸೆಬಾಗಿಲಲ್ಲೇ ನಿಂತಿದ್ದಳು.