ಬಾಡದೆ ಉಳಿದಿದ್ದ ಹಳದಿ ಗಂಟು

ಮನೆಯವರ ಸ್ಲೈಡನ್ನು ತಾವೇ ನೋಡಬಾರದೆಂಬುದು ನಮ್ಮ ಪ್ಯಾಥಾಲಜಿ ವಿಭಾಗದ ರೂಢಿ. ರೂಢಿ ಹಾಳಾಗಿ ಹೋಗಲಿ! ಒಡಹುಟ್ಟಿದ ತಂಗಿಯದನ್ನು ನಾನಲ್ಲದೆ ಇನ್ಯಾರು ನೋಡಬೇಕು ಎಂದು ಟ್ರೇಯನ್ನು ನನ್ನತ್ತ ಎಳೆದುಕೊಂಡೆ.

ಮೊನ್ನೆ ಅವಳಿಗೆ ತಡೆಯಲಾರದ ಹೊಟ್ಟೆನೋವು. ಅಂಡಾಶಯದಲ್ಲಿ ಗಂಟು ಒಡೆದು ರಕ್ತ ಸೋರುತ್ತಿದೆ ಎಂದು ಸರ್ಜನ್ ಸುತ್ತಲಿನ ಅಂಡಾಶಯದ ಅಂಚಿನ ಸಮೇತ ಕೊಯ್ದು ತೆಗೆದಿದ್ದರು. ಅದಕ್ಕೂ ಮುಂಚೆ ನರ್ಸ್ ಗರ್ಭದ ಪರೀಕ್ಷೆಯ ಮಾತೆತ್ತಿದಾಗ ತಂಗಿ ನೋವಿನಲ್ಲೂ ನಕ್ಕಿದ್ದಳು.

"ಇಷ್ಟು ವರ್ಷ ಆಗದ್ದು ಈಗ ಎಲ್ಲಿಂದ ಆಗ್ಬೇಕು ಸಿಸ್ಟರ್? ಹೋದ ವಾರವಷ್ಟೇ ಮುಟ್ಟಾಗಿ ಮುಗೀತು, ಹಾಗಂತ ಬರ್ಕೊಳಿ."

ಪಕ್ಕದಲ್ಲಿ ನಿಂತಿದ್ದ ನಾನೂ ನಂಬಿದೆ; ಪರೀಕ್ಷೆ ಹಾಗೇ ಬಿಟ್ಟುಹೋಯಿತು.

ಮೈಕ್ರೋಸ್ಕೋಪಿನಡಿ ಸ್ಲೈಡಿನ ಅಂಚಿನಲ್ಲಿ ಎಳೆಯ ಕೋಶಕಗಳಿದ್ದವು. ಒಂದೊಂದು ಅಂಡದ ಸುತ್ತ ಚಪ್ಪಟೆ ಜೀವಕೋಶಗಳ ಒಂದೇ ಸಾಲು. ಸ್ವಲ್ಪ ಒಳಗೆ ಆ ಸಾಲು ಮೈತುಂಬಿಕೊಂಡು ಚೌಕವಾಗಿತ್ತು. ಇನ್ನೊಂದರಲ್ಲಿ ಸಾಲಿನ ಮೇಲೆ ಸಾಲು, ಒಳಗೆ ದ್ರವ ತುಂಬಿದ ಪೊಳ್ಳು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಗಂಟಿಗೆ ಬಂದೆ.

ಅಂಡ ಹೊರಬಿದ್ದ ಮೇಲೆ ಕೋಶಕದ ಗೋಡೆ ಕುಸಿದು ಮಡಿಕೆ ಮಡಿಕೆಯಾಗುತ್ತದೆ. ರಕ್ತನಾಳಗಳು ಒಳಹೊಕ್ಕು, ಜೀವಕೋಶಗಳು ಉಬ್ಬಿ, ಹಳದಿ ಗಂಟಾಗುತ್ತದೆ. ಅದೇ ಕಾರ್ಪಸ್ ಲ್ಯೂಟಿಯಂ. ಮಾಸು ಬಲಿಯುವ ತನಕ ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಇದರದ್ದೇ. ಗರ್ಭ ನಿಲ್ಲದಿದ್ದರೆ ಬಾಡಿ, ಕ್ರಮೇಣ ಬಿಳಿ ಕಲೆಯಾಗುತ್ತದೆ. ಮುಟ್ಟಾಗಿ ಮುಗಿದವಳಲ್ಲಿ ಇದು ಬಾಡಿರಬೇಕಿತ್ತು.

ಬಾಡಿರಲಿಲ್ಲ. ಉಬ್ಬಿದ ಜೀವಕೋಶಗಳ ನಡುವೆ ಅಲ್ಲಲ್ಲಿ ಗುಲಾಬಿ ಹನಿಗಳು, ಗರ್ಭಿಣಿಯರಲ್ಲಿ ಕಾಣುವಂಥವು. ಗರ್ಭವನ್ನು ಕಾಯುತ್ತಿದ್ದ ಗಂಟನ್ನೇ ಕೊಯ್ದು ತೆಗೆದಿದ್ದರು. ಸರ್ಜನ್‌ಗೆ ಫೋನ್ ಹಚ್ಚಿದೆ.

"ಈಗಲೇ ಪ್ರೊಜೆಸ್ಟರಾನ್ ಶುರು ಮಾಡಿ! ರಕ್ತ ಪರೀಕ್ಷೆಗೂ ಕಳ್ಸಿ. ಅವಳು ಬಸುರಿ ಕಣ್ರೀ!"

"ಮೇಡಂ, ಬೆಳಿಗ್ಗೆಯಿಂದ ತುಂಬಾ ರಕ್ತ ಹೋಗ್ತಿದೆ. ಗಂಟು ತೆಗೆದದ್ದಕ್ಕೆ ಮತ್ತೆ ಮುಟ್ಟಾಗಿದೆ ಅಂದ್ಕೊಂಡ್ವಿ."

ಇಂಜೆಕ್ಷನ್ ಕೊಟ್ಟರು. ಪರೀಕ್ಷೆ ಹೌದೆಂದಿತು, ಅವಳ ಬದುಕಿನಲ್ಲಿ ಮೊದಲ ಹೌದು. ಸ್ಕ್ಯಾನ್ ಮಾಡುವ ಹೊತ್ತಿಗೆ ಒಳಗೆ ಏನೂ ಉಳಿದಿರಲಿಲ್ಲ.

ವಾರ್ಡಿಗೆ ಹೋಗಿ ಹೇಳಿದೆ. ಮುಚ್ಚಿಡಲು ನನ್ನ ಕೈಲಾಗಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಮುಟ್ಟಾಯ್ತು ಅಂತ ಸುಳ್ಳು ಯಾಕೆ ಹೇಳ್ದೆ, ಹುಚ್ಚಿ?" ಗದರಬೇಕೆಂದುಕೊಂಡಿದ್ದೆ, ಅವಳ ಹೊದಿಕೆ ಸರಿಪಡಿಸಿದೆ.

"ದಿನ ಮೀರಿತ್ತು ಅಕ್ಕ. ಪ್ರತಿ ಸಲ ಆ ಟೆಸ್ಟ್ ಕಡ್ಡಿ ನೋಡಿ ಇಲ್ಲ, ಇಲ್ಲ ಅಂತ ಕೇಳಿ ಕೇಳಿ ಸಾಕಾಗಿತ್ತು. ಇನ್ನೊಂದು ಸಲ 'ಇಲ್ಲ' ಅನ್ನಿಸಿಕೊಳ್ಳೋ ಶಕ್ತಿ ಇರ್ಲಿಲ್ಲ."

ನಾನು ಅವಳ ತಲೆ ನೇವರಿಸುತ್ತ ಕುಳಿತೆ. ಅವಳು ನನ್ನ ಕಡೆ ತಿರುಗಿ ಕೇಳಿದಳು:

"ಆ ಗಂಟು... ಅದು ಕೆಟ್ಟುಹೋಗಿತ್ತಾ?"

"ಇಲ್ಲ ಕಣೇ. ಚೆನ್ನಾಗಿ ಕೆಲಸ ಮಾಡ್ತಿತ್ತು."

ಈ 'ಇಲ್ಲ'ಕ್ಕೇ ಅವಳು ಬಾಯಿಬಿಟ್ಟು ಅತ್ತಳು.